ಮೊದಲು ನಾಯ್ಸ್ ಇಳಿಸಿ, ಆಮೇಲೆ ಬೆಳಕು ಏರಿಸಿ

ಪ್ರಶ್ನೆ: ಸರ್, ಸಕಲೇಶಪುರದ ಹತ್ತಿರ ನಮ್ಮದು ಕಾಫಿ ತೋಟ. ಗೇಟಿನ ಬಳಿ ಕಾಡಾನೆ ಬಂದರೆ ಮೊಬೈಲಿಗೆ ಎಚ್ಚರಿಕೆ ಬರಲಿ ಎಂದು ಸಿಸಿಟಿವಿ ದೃಶ್ಯವನ್ನು ಚಿತ್ರದಲ್ಲಿ ವಸ್ತುಗಳನ್ನು ಗುರುತಿಸುವ ಸಿದ್ಧ ಯೋಲೊ ಮಾದರಿಗೆ ಕೊಡುತ್ತಿದ್ದೇನೆ. ಹಗಲಿನಲ್ಲಿ ಸರಿಯಾಗಿ ಗುರುತಿಸುತ್ತದೆ, ರಾತ್ರಿ ಏನೂ ಸಿಗುವುದಿಲ್ಲ. ಹಿಸ್ಟೊಗ್ರಾಮ್ ಈಕ್ವಲೈಸೇಶನ್ ಮಾಡಿ ಬೆಳಕು ಹೆಚ್ಚಿಸಿದೆ. ನನ್ನ ಕಣ್ಣಿಗೆ ಈಗ ಎಲ್ಲ ಕಾಣುತ್ತಿದೆ, ಆದರೆ ಮಾದರಿಗೆ ಪೊದೆಗಳೆಲ್ಲ ಆನೆಗಳಾಗಿವೆ, ನಿಜವಾದ ಆನೆ ಮಾತ್ರ ತಪ್ಪುತ್ತಿದೆ. ಒಂದು ತುಣುಕು ಕಳಿಸಿದ್ದೇನೆ. ಎಲ್ಲಿ ತಪ್ಪಾಗಿದೆ?

ಉತ್ತರ: ನಿಮ್ಮ ತುಣುಕನ್ನು ಫ್ರೇಮ್ ಫ್ರೇಮಾಗಿ ಬಿಡಿಸಿ ಪಿಕ್ಸೆಲ್ ಬೆಲೆಗಳನ್ನು ನೋಡಿದೆ. ಆನೆ ಬರುವ ಜಾಗ, ಅಂದರೆ ಗೇಟಿನಾಚೆಯ ಸಿಲ್ವರ್ ಓಕ್ ಸಾಲಿನ ಬುಡ, 0ಯಿಂದ 255ರ ಅಳತೆಯಲ್ಲಿ ಸುಮಾರು 10ರ ಆಸುಪಾಸಿನಲ್ಲಿದೆ. ಆನೆಯ ಮೈ ಸುಮಾರು 8. ಎರಡರ ನಡುವಿನ ಅಂತರ ಬರೀ 2. ಏನೂ ಅಲುಗಾಡದ ಕಡೆ ಒಂದೇ ಪಿಕ್ಸೆಲ್ಲನ್ನು ಫ್ರೇಮಿನಿಂದ ಫ್ರೇಮಿಗೆ ಹಿಂಬಾಲಿಸಿದರೆ ಅದರ ಬೆಲೆ ಸರಾಸರಿಯಿಂದ ಆಚೀಚೆ ಸುಮಾರು 4ರಷ್ಟು ತೂಗಾಡುತ್ತದೆ. ಈ ತೂಗಾಟವೇ ನಾಯ್ಸ್. ಆನೆಗೂ ಹಿನ್ನೆಲೆಗೂ ಇರುವ ವ್ಯತ್ಯಾಸಕ್ಕಿಂತ ಅದು ಎರಡು ಪಟ್ಟು ದೊಡ್ಡದು. ನಿಮ್ಮ ತೊಂದರೆಯೆಲ್ಲ ಈ ಎರಡು ಅಂಕಿಗಳಲ್ಲಿದೆ.

ಈಗ ಬೆಳಕು ಹೆಚ್ಚಿಸಿದಾಗ ಏನಾಗುತ್ತದೆ ನೋಡಿ. ಕತ್ತಲೆಯ ಬೆಲೆಗಳನ್ನು ಹೆಚ್ಚು ಮೇಲೆತ್ತುವ 2.2ರ ಸಾಮಾನ್ಯ ಗಾಮಾ ರೇಖೆಯನ್ನು ಹಾಕಿದರೆ 8 ಹೋಗಿ ಸುಮಾರು 53 ಆಗುತ್ತದೆ, 10 ಹೋಗಿ 58 ಅಥವಾ 59 ಆಗುತ್ತದೆ. ಅಂತರ 2 ಇದ್ದದ್ದು 6ರ ಹತ್ತಿರ ಬಂತು. ಕೇಳಲು ಚೆನ್ನಾಗಿದೆ. ಆದರೆ 4ರ ನಾಯ್ಸ್ ಕೂಡ ಅದೇ ರೇಖೆಯನ್ನು ಹತ್ತಿ ಹೆಚ್ಚುಕಡಿಮೆ 12 ಆಯಿತು. ಅನುಪಾತ ಹಿಂದೆ ಇದ್ದಷ್ಟೇ ಉಳಿಯಿತು. ಕಣ್ಣಿಗೆ ಹಿತವೆನಿಸುವುದು ಬೇರೆ ಕಾರಣಕ್ಕೆ: ಪರದೆಯ ಮೇಲೆ 8ಕ್ಕೂ 10ಕ್ಕೂ ವ್ಯತ್ಯಾಸ ನಮಗೆ ಕಾಣುವುದೇ ಇಲ್ಲ, 53ಕ್ಕೂ 58ಕ್ಕೂ ಕಾಣುತ್ತದೆ. ಜೊತೆಗೆ ವಿಡಿಯೊ ಓಡುವಾಗ ನಮ್ಮ ಕಣ್ಣೂ ಮಿದುಳೂ ಅನೇಕ ಫ್ರೇಮುಗಳನ್ನು ತಾವಾಗಿಯೇ ಬೆರೆಸಿ ನೋಡುತ್ತವೆ. ಒಂದೊಂದೇ ಫ್ರೇಮನ್ನು ಬಿಡಿಯಾಗಿ ನೋಡುವ ಮಾದರಿಗೆ ಆ ಸೌಲಭ್ಯವಿಲ್ಲ. ಬೇಕಾದರೆ ನಿಮ್ಮ ವಿಡಿಯೊವನ್ನು ನಿಲ್ಲಿಸಿ ಒಂದು ಫ್ರೇಮನ್ನು ನೋಡಿ. ಓಡುವಾಗ ಕಂಡ ಆನೆ ನಿಂತ ಚಿತ್ರದಲ್ಲಿ ಮಾಯವಾಗಿರುತ್ತದೆ. ಮಾದರಿಗೆ ಕಾಣುತ್ತಿರುವುದು ಆ ನಿಂತ ಚಿತ್ರ.

ಹಿಸ್ಟೊಗ್ರಾಮ್ ಈಕ್ವಲೈಸೇಶನ್ ಇನ್ನೂ ಒರಟು. ಯಾವ ಬೆಲೆಗಳಲ್ಲಿ ಪಿಕ್ಸೆಲ್ಲುಗಳು ಹೆಚ್ಚಾಗಿ ಕಿಕ್ಕಿರಿದಿವೆಯೋ ಆ ಬೆಲೆಗಳನ್ನೇ ಅದು ಎಳೆದು ಅಗಲ ಮಾಡುತ್ತದೆ. ನಿಮ್ಮ ಚಿತ್ರದ ಬಹುಭಾಗ 4ರಿಂದ 16ರೊಳಗೆ ಕೂತಿರುವುದರಿಂದ ಆ ಹನ್ನೆರಡು ಮೆಟ್ಟಿಲುಗಳು ಇಡೀ 0–255ಕ್ಕೆ ಹರಡಿಕೊಂಡವು. ಅದರಲ್ಲಿರುವುದು ಬಹುಪಾಲು ನಾಯ್ಸ್. ಅದೂ ಬಿಡಿ ಚುಕ್ಕೆಗಳ ನಾಯ್ಸ್ ಅಲ್ಲ; ವಿಡಿಯೊದ ಗಾತ್ರ ಇಳಿಸಲು ಕ್ಯಾಮೆರಾ ಮಾಡುವ ಸಂಕುಚನ ಅದನ್ನು ಚೌಕ ಚೌಕಗಳಾಗಿ ಮುದ್ದೆ ಕಟ್ಟಿದೆ. ಬೂದು ಬಣ್ಣದ, ಅಂಚು ಮಾಸಿದ, ಸುಕ್ಕುಸುಕ್ಕಾದ ಮುದ್ದೆ ಕಂಡರೆ ಮಾದರಿ ಆನೆ ಎನ್ನದೆ ಇನ್ನೇನು ಎನ್ನಬೇಕು? ಅನೇಕರು ಇದಕ್ಕೆ ಪರಿಹಾರವೆಂದು, ಇದೇ ಕೆಲಸವನ್ನು ಚಿತ್ರದ ತುಂಡು ತುಂಡಿಗೆ ಮಿತಿಯಿಟ್ಟು ಮಾಡುವ ಕ್ಲಾಹೆ ಬಳಸುತ್ತಾರೆ. ಬಳಸಬಹುದು, ಆದರೆ ಓಪನ್‌ಸಿವಿ ಲೈಬ್ರರಿಯಲ್ಲಿ ಆ ಮಿತಿ, `clipLimit`, ಏನೂ ಹೇಳದಿದ್ದರೆ 40 ಇರುತ್ತದೆ. ಕತ್ತಲೆಯ ಚಿತ್ರಕ್ಕೆ ಅದು ವಿಪರೀತ. 2ರ ಆಸುಪಾಸಿನಲ್ಲಿ ಇಡಿ, ಅದೂ ನಾಯ್ಸ್ ಇಳಿಸಿದ ಮೇಲೆ.

ಹಾಗಾದರೆ ಅನುಪಾತವನ್ನೇ ಸುಧಾರಿಸುವುದು ಹೇಗೆ? ದಾರಿ ಎರಡೇ: ಹೆಚ್ಚು ಬೆಳಕು ಸಂಗ್ರಹಿಸಬೇಕು, ಇಲ್ಲವೇ ಸಂಗ್ರಹಿಸಿದ್ದನ್ನು ಒಟ್ಟುಗೂಡಿಸಬೇಕು. ಒಂದು ಪಿಕ್ಸೆಲ್ಲಿಗೆ ನೂರು ಫೋಟಾನ್ ಬಿದ್ದರೆ ಅದರಲ್ಲಿ ಸಹಜವಾಗಿ ಆಚೀಚೆ ಹತ್ತರ ಏರಿಳಿತ ಇರುತ್ತದೆ. ನಾಲ್ಕೇ ಬಿದ್ದರೆ ಎರಡರ ಏರಿಳಿತ. ಮೊದಲನೆಯದು ಹತ್ತರಲ್ಲಿ ಒಂದು ಪಾಲು, ಎರಡನೆಯದು ಅರ್ಧದಷ್ಟು. ಇದು ಬೆಳಕಿನ ಸ್ವಭಾವ. ಎಷ್ಟೇ ದುಬಾರಿ ಸೆನ್ಸರ್ ತಂದರೂ ಇದನ್ನು ದಾಟಲಾಗದು. ಕ್ಯಾಮೆರಾದ ಗೇನ್ ಹೆಚ್ಚಿಸುವುದೂ ಒಳಗಿನಿಂದ ಮಾಡುವ ಬ್ರೈಟ್‌ನೆಸ್ ಅಷ್ಟೇ, ಫೋಟಾನುಗಳನ್ನು ಅದು ತರುವುದಿಲ್ಲ.

ಆದ್ದರಿಂದ ಕೋಡ್ ಮುಟ್ಟುವ ಮೊದಲು ಏಣಿ ಹತ್ತಿ ಕ್ಯಾಮೆರಾವನ್ನು ನೋಡಿ. ಅತಿಗೆಂಪು ದೀಪದ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕ್ಷೀಣಿಸುತ್ತದೆ. ಗೇಟು 15 ಮೀಟರ್, ಆನೆ ಬರುವ ಸಾಲು 30 ಮೀಟರ್ ಆದರೆ ಅಲ್ಲಿ ಬೀಳುವುದು ಗೇಟಿನ ನಾಲ್ಕನೇ ಒಂದು ಪಾಲು. ಕ್ಯಾಮೆರಾದ ಒಳಗೇ ಇರುವ ದೀಪಗಳ ಇನ್ನೊಂದು ತೊಂದರೆ ನಿಮ್ಮ ಮಲೆನಾಡಿಗೆ ಚೆನ್ನಾಗಿ ಗೊತ್ತಿರುವಂಥದ್ದು: ಮಂಜು, ಮಳೆಹನಿ, ಹುಳು, ಗಾಜಿನ ಮುಂದಿನ ಜೇಡರ ಬಲೆ ಎಲ್ಲವೂ ಆ ಬೆಳಕನ್ನು ನೇರವಾಗಿ ಮಸೂರಕ್ಕೆ ತಿರುಗಿ ಎಸೆಯುತ್ತವೆ. ಚಿತ್ರ ಬೆಳ್ಳಗಾಗುತ್ತದೆ, ಕ್ಯಾಮೆರಾ ತಾನಾಗಿಯೇ ಎಕ್ಸ್‌ಪೋಶರ್ ಇಳಿಸಿಕೊಳ್ಳುತ್ತದೆ, ದೂರದ ಕತ್ತಲೆ ಇನ್ನೂ ಕಪ್ಪಾಗುತ್ತದೆ. ಬೇರೆಯದೇ ಒಂದು 850 ನ್ಯಾನೊಮೀಟರ್ ಅತಿಗೆಂಪು ದೀಪವನ್ನು ಕ್ಯಾಮೆರಾದಿಂದ ಎರಡು-ಮೂರು ಮೀಟರ್ ಪಕ್ಕಕ್ಕೆ, ಆನೆ ಬರುವ ಸಾಲಿನ ಕಡೆಗೆ ತಿರುಗಿಸಿ ಹಾಕಿದರೆ ಈ ಎರಡೂ ತೊಂದರೆ ಬಹುಮಟ್ಟಿಗೆ ಇಳಿಯುತ್ತವೆ. 940 ನ್ಯಾನೊಮೀಟರ್ ದೀಪ ಕಣ್ಣಿಗೆ ಕಾಣುವುದಿಲ್ಲ ಎಂದು ಅಂಗಡಿಯವರು ಹೊಗಳುತ್ತಾರೆ, ನಿಜ. ಆದರೆ ಸಾಮಾನ್ಯ ಸೆನ್ಸರಿಗೂ ಅದು ಕಡಿಮೆಯೇ ಕಾಣುತ್ತದೆ.

ಕ್ಯಾಮೆರಾದ ಮೆನುವಿನಲ್ಲಿ ಮೂರು ಬದಲಾವಣೆ ಮಾಡಿ. ಶಟರನ್ನು 1/25 ಸೆಕೆಂಡಿಗಿಂತ ನಿಧಾನವಾಗಲು ಬಿಡಬೇಡಿ. ನಿಮ್ಮದು 1/3 ಸೆಕೆಂಡಿನ ಸ್ಲೋ ಶಟರಿಗೆ ಜಾರುತ್ತಿದೆ; ಗೇಟಿನ ಬಳಿ ಓಡಿದ ನಾಯಿಗೆ ಉದ್ದನೆಯ ಬಾಲದಂಥ ಗೆರೆ ಬಂದಿರುವುದು ಅದಕ್ಕೇ. ಬಿಟ್‌ರೇಟನ್ನು 2 ಎಂಬಿಪಿಎಸ್‌ನಿಂದ 6 ಅಥವಾ 8ಕ್ಕೆ ಏರಿಸಿ, ಜಾಗ ಉಳಿಸುವ ‘ಸ್ಮಾರ್ಟ್’ ಸಂಕುಚನ ಇದ್ದರೆ ನಿಲ್ಲಿಸಿ. ಕ್ಯಾಮೆರಾದೊಳಗಿನ ನಾಯ್ಸ್ ರಿಡಕ್ಷನನ್ನು ಕನಿಷ್ಠಕ್ಕೆ ಇಳಿಸಿ. ಈ ಕೊನೆಯದನ್ನು ಕೇಳಿ ನಿಮಗೆ ಆಶ್ಚರ್ಯವಾಗಬಹುದು. ಆ ಕೆಲಸವನ್ನು ನಾವು ಹೊರಗೆ, ನಮ್ಮ ಹದದಲ್ಲಿ ಮಾಡಲಿದ್ದೇವೆ. ಒಳಗೆ ಒಮ್ಮೆ ತಿಕ್ಕಿ ಸಂಕುಚಿಸಿದ ಚಿತ್ರದಿಂದ ಅಳಿಸಿಹೋದದ್ದನ್ನು ಮತ್ತೆ ತರಲಾಗುವುದಿಲ್ಲ.

ಬಿಟ್‌ರೇಟಿನ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇದನ್ನು ಬಿಟ್ಟವರೇ ಮುಂದೆ “ಯಾವ ಫಿಲ್ಟರೂ ಕೆಲಸ ಮಾಡುತ್ತಿಲ್ಲ” ಎನ್ನುವುದು. ಕತ್ತಲೆಯ ಜಾಗದ ಸಣ್ಣ ವ್ಯತ್ಯಾಸಗಳನ್ನು, ಕ್ಯಾಮೆರಾ ಸಂಕುಚನಕ್ಕೆ ಬಳಸುವ ಎಚ್.264 ಮುಖ್ಯವಲ್ಲವೆಂದು ಬಿಸಾಡುತ್ತದೆ. 8 ಮತ್ತು 10 ಎರಡೂ ಒಂದೇ ಚೌಕದಲ್ಲಿ 9 ಆಗಿಬಿಟ್ಟರೆ ಆನೆ ಕಡತದಲ್ಲೇ ಇಲ್ಲ. ಹೀಗಾಗಿದೆಯೇ ಎಂದು ತಿಳಿಯುವುದು ಸುಲಭ. ಅಲುಗಾಡದ ಕತ್ತಲೆಯ ಜಾಗವೊಂದನ್ನು ಆರಿಸಿ, ಪ್ರತಿ ಫ್ರೇಮಿಗೂ ಹಿಂದಿನ ಫ್ರೇಮಿಗೂ ಇರುವ ವ್ಯತ್ಯಾಸವನ್ನು ಸಾಲಾಗಿ ಬರೆದು ನೋಡಿ. ಪ್ರತಿ ಫ್ರೇಮಿನಲ್ಲೂ ಒಂದಿಷ್ಟು ಚುಕ್ಕೆಗಳು ಕುದಿಯುತ್ತಿದ್ದರೆ ಒಳ್ಳೆಯದು, ಅದು ಜೀವಂತ ನಾಯ್ಸ್. ಬಹುತೇಕ ಫ್ರೇಮುಗಳಲ್ಲಿ ಸೊನ್ನೆಯಿದ್ದು, ಒಂದೆರಡು ಸೆಕೆಂಡಿಗೊಮ್ಮೆ ಮಾತ್ರ ಎಲ್ಲ ಒಟ್ಟಿಗೆ ಜಿಗಿದರೆ, ಆ ಜಿಗಿತ ಸಂಕುಚನದ ಕೀ ಫ್ರೇಮ್, ಅಂದರೆ ಪೂರ್ತಿಯಾಗಿ ಹೊಸದಾಗಿ ಬರೆದ ಫ್ರೇಮ್. ನಡುವಿನ ಫ್ರೇಮುಗಳು ಬರೀ ನಕಲು. ಐವತ್ತು ನಕಲುಗಳನ್ನು ಸರಾಸರಿ ಮಾಡಿದರೂ ಬರುವುದು ಅದೇ ನಕಲು. ನೀವು ಕಳಿಸಿದ ತುಣುಕಿನ ಎಡ ಮೂಲೆ ಈ ಸ್ಥಿತಿಯಲ್ಲಿದೆ, ಗೇಟಿನಾಚೆಯ ಭಾಗ ಅದೃಷ್ಟವಶಾತ್ ಇನ್ನೂ ಕುದಿಯುತ್ತಿದೆ.

ಈಗ ಒಟ್ಟುಗೂಡಿಸುವ ಕೆಲಸ. ನಿಮ್ಮ ಕ್ಯಾಮೆರಾ ಕಂಬಕ್ಕೆ ಬಿಗಿದದ್ದು, ಅಲುಗಾಡುವುದಿಲ್ಲ. ಇದು ನಿಮ್ಮ ದೊಡ್ಡ ಬಂಡವಾಳ. ಸ್ಥಿರವಾದ ಜಾಗದ 16 ಫ್ರೇಮುಗಳನ್ನು ಸರಾಸರಿ ಮಾಡಿದರೆ ನಾಯ್ಸ್ 16ರ ವರ್ಗಮೂಲದಷ್ಟು, ಅಂದರೆ ನಾಲ್ಕು ಪಟ್ಟು ಇಳಿಯುತ್ತದೆ. 4 ಇದ್ದದ್ದು 1 ಆಗುತ್ತದೆ. ಅಂತರ 2 ಹಾಗೆಯೇ ಇರುತ್ತದೆ. ನಾಯ್ಸಿನ ಅರ್ಧದಷ್ಟಿದ್ದ ಆನೆ ಈಗ ನಾಯ್ಸಿನ ಎರಡು ಪಟ್ಟು. ಬೆಳಕಿನ ರೇಖೆಗಳಿಗೆ ಸಾಧ್ಯವಾಗದ್ದು ಇದೇ.

ಒಂದೇ ಫ್ರೇಮಿನೊಳಗೆ ಮಸುಕುಗೊಳಿಸಿಯೂ ನಾಯ್ಸ್ ಇಳಿಸಬಹುದು, ಹೆಚ್ಚಿನವರು ಮೊದಲು ಮಾಡುವುದೂ ಅದನ್ನೇ. ಆದರೆ ಅಲ್ಲಿ ನಾವು ಬೆಲೆ ತೆರುವುದು ಅಂಚುಗಳಲ್ಲಿ. ಸೊಂಡಿಲು, ಕಿವಿ, ಕಾಲುಗಳ ನಡುವಿನ ಸಂದಿ ಹೋದರೆ ಉಳಿಯುವುದು ಮತ್ತೆ ಮುದ್ದೆಯೇ. ಕಾಲದಲ್ಲಿ ಸರಾಸರಿ ಮಾಡಿದರೆ ಅಂಚು ಉಳಿಯುತ್ತದೆ, ವಸ್ತು ಅಲುಗಾಡದಿದ್ದರೆ.

ಅಲುಗಾಡಿದರೆ? ಲೆಕ್ಕ ಹಾಕೋಣ. ನಿಮ್ಮ 4 ಮಿಲಿಮೀಟರ್ ಮಸೂರ 30 ಮೀಟರ್ ದೂರದಲ್ಲಿ ಸುಮಾರು 50 ಮೀಟರ್ ಅಗಲವನ್ನು ತೋರಿಸುತ್ತದೆ. 1920 ಪಿಕ್ಸೆಲ್ಲುಗಳನ್ನು ಹಂಚಿದರೆ ಒಂದು ಮೀಟರಿಗೆ 38 ಪಿಕ್ಸೆಲ್. ಗಂಟೆಗೆ ಐದು ಕಿಲೊಮೀಟರಿನಂತೆ ನಡೆಯುವ ಆನೆ, ಸೆಕೆಂಡಿಗೆ 25 ಫ್ರೇಮ್ ಆದರೆ, ಒಂದು ಫ್ರೇಮಿಗೆ ಸುಮಾರು 2 ಪಿಕ್ಸೆಲ್ ಸರಿಯುತ್ತದೆ. ಎಂಟು ಫ್ರೇಮ್ ಬೆರೆಸಿದರೆ 16 ಪಿಕ್ಸೆಲ್ ಮಸುಕು. ಎರಡೂವರೆ ಮೀಟರ್ ಎತ್ತರದ ಆನೆ ಅಲ್ಲಿ ನೂರು ಪಿಕ್ಸೆಲ್ ಹತ್ತಿರ ಇರುವುದರಿಂದ ಅದು ಆನೆಯಾಗಿಯೇ ಉಳಿಯುತ್ತದೆ. ಅದೇ ವೇಗದಲ್ಲಿ ನಡೆಯುವ ಮನುಷ್ಯನ ಅಗಲ 20 ಪಿಕ್ಸೆಲ್ಲಿಗೂ ಕಡಿಮೆ, ಅವನು ಕರಗಿಹೋಗುತ್ತಾನೆ. ಆನೆಗೆ ಹೊಂದಿದ ಫಿಲ್ಟರು ಕಳ್ಳನಿಗೆ ಹೊಂದುವುದಿಲ್ಲ ಎನ್ನುವುದನ್ನು ಮುಂದೆ ಇದೇ ಕ್ಯಾಮೆರಾದಿಂದ ಕಾಫಿ ಕಳ್ಳತನ ಹಿಡಿಯಲು ಹೊರಟಾಗ ನೆನಪಿಡಿ.

ಹಾಗಾಗಿ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಬೆರೆಸದೆ, ಚಲನೆ ಇರುವಲ್ಲಿ ಹೊಸ ಫ್ರೇಮಿಗೆ ಹೆಚ್ಚು ತೂಕ, ಇಲ್ಲದಲ್ಲಿ ಹಳೆಯದಕ್ಕೆ ಹೆಚ್ಚು ತೂಕ ಕೊಡಬೇಕು. ಇಷ್ಟು ಸಾಕು:

```python
import cv2, numpy as np

cap = cv2.VideoCapture("gate.mp4")
acc, T = None, 1.2
while True:
    ok, f = cap.read()
    if not ok:
        break
    g = cv2.cvtColor(f, cv2.COLOR_BGR2GRAY).astype(np.float32)
    if acc is None:
        acc = g.copy()
    diff = g - acc
    d = np.abs(cv2.GaussianBlur(diff, (0, 0), 3))
    a = np.where(d > T, 0.6, 0.125).astype(np.float32)
    a = cv2.GaussianBlur(a, (0, 0), 2)
    acc += a * diff
    v = np.clip((acc - 4) / 60, 0, 1) ** 0.6
    out = (v * 255).astype(np.uint8)
```

ಇದರಲ್ಲಿ ಗಮನಿಸಬೇಕಾದದ್ದು, ಹೊಸ ಫ್ರೇಮಿಗೂ ಈವರೆಗಿನ ಸರಾಸರಿಗೂ ಇರುವ ವ್ಯತ್ಯಾಸವಾದ `diff` ಅನ್ನು ಮೊದಲು ಮಸುಕುಗೊಳಿಸಿ ಆಮೇಲೆ ಅದರ ಚಿಹ್ನೆ ತೆಗೆದಿರುವುದು. ಕ್ರಮ ತಿರುಗಿಸಿದರೆ ಕೆಲಸ ಕೆಡುತ್ತದೆ. ನಾಯ್ಸ್ ಕೆಲವೆಡೆ ಹೆಚ್ಚು, ಕೆಲವೆಡೆ ಕಡಿಮೆ ಇರುವುದರಿಂದ ಮಸುಕುಗೊಳಿಸಿದಾಗ ಒಂದನ್ನೊಂದು ಕಳೆದುಕೊಳ್ಳುತ್ತದೆ. ಮಸುಕಿನ ಅಗಲ, ಅಂದರೆ ಸಿಗ್ಮಾ, 3 ಇದ್ದರೆ ಬಿಡಿ ನಾಯ್ಸ್ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ, ಅಂದರೆ 4 ಇದ್ದದ್ದು 0.4. ಆನೆ ಹೊಕ್ಕಾಗ ಇಡೀ ಮೈಯಷ್ಟು ಜಾಗ ಒಂದೇ ದಿಕ್ಕಿನಲ್ಲಿ 2ರಷ್ಟು ಬದಲಾಗುತ್ತದೆ, ಅದು ಕಳೆದುಹೋಗುವುದಿಲ್ಲ. ಎರಡರ ನಡುವೆ, 0.4ರ ಮೂರು ಪಟ್ಟಿನಲ್ಲಿ, ಚಲನೆಯ ಗಡಿಯಾದ `T` ಇಟ್ಟಿದ್ದೇನೆ. ಸಂಕುಚನದಿಂದ ಮುದ್ದೆಯಾದ ನಾಯ್ಸ್ ಇಷ್ಟು ಚೆನ್ನಾಗಿ ಇಳಿಯುವುದಿಲ್ಲ. ಆದ್ದರಿಂದ ಏನೂ ನಡೆಯದ ಒಂದು ನಿಮಿಷದ ದೃಶ್ಯದಲ್ಲಿ, ಹೊಸ ಫ್ರೇಮಿನ ತೂಕವಾದ `a` ಅನ್ನೇ ಚಿತ್ರವಾಗಿ ನೋಡಿ: ಅದು ಬಹುತೇಕ ಕಪ್ಪಾಗಿರಬೇಕು. ಅಲ್ಲಲ್ಲಿ ತೇಪೆ ಮಿನುಗುತ್ತಿದ್ದರೆ `T` ಸ್ವಲ್ಪ ಏರಿಸಿ. ಗಾಳಿಗೆ ತೂಗುವ ಕೊಂಬೆಗಳು ಮಿನುಗುವುದು ಸಹಜ, ಅದನ್ನು ಹಾಗೇ ಬಿಡಿ.

0.125 ತೂಕ ಸ್ಥಿರ ಜಾಗದಲ್ಲಿ ಹದಿನೈದು ಫ್ರೇಮುಗಳ ಸರಾಸರಿಗೆ ಸಮ. ಆನೆಯ ವ್ಯತ್ಯಾಸ `T`ಗಿಂತ ಕೆಳಗೆ ಬಿದ್ದರೂ ಅದು ಅಳಿಸಿಹೋಗುವುದಿಲ್ಲ, ಮೇಲೆ ಹೇಳಿದ ಹದಿನಾರು ಪಿಕ್ಸೆಲ್ ಮಸುಕಿನೊಂದಿಗೆ ಬರುತ್ತದೆ. ಇದನ್ನು ಹಿನ್ನೆಲೆ ಕಳೆಯುವ ವಿಧಾನದೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಅಲ್ಲಿ ಹಲಸಿನ ಮರದ ಕೆಳಗೆ ಹತ್ತು ನಿಮಿಷ ನಿಂತ ಸಲಗ ಹಿನ್ನೆಲೆಯೊಳಗೆ ಸೇರಿ ಕಾಣೆಯಾಗುತ್ತದೆ. ಇಲ್ಲಿ ನಿಂತರೆ ಅದರ ಚಿತ್ರ ಬೇಗನೆ ಸ್ವಚ್ಛವಾಗಿ ಹಾಗೆಯೇ ಉಳಿಯುತ್ತದೆ.

ಎಲ್ಲವನ್ನೂ `float32`ನಲ್ಲಿ ಇಟ್ಟಿರುವುದಕ್ಕೂ ಕಾರಣವಿದೆ. 8 ಬಿಟ್ಟಿನ ಪೂರ್ಣಾಂಕದಲ್ಲಿ ಸರಾಸರಿ ಮಾಡಿದರೆ 8.4 ಮತ್ತು 8.0 ಎರಡೂ 8 ಆಗಿ, ಆಮೇಲೆ ಬೆಳಕು ಏರಿಸಿದಾಗ ಮೆಟ್ಟಿಲು ಮೆಟ್ಟಿಲಾದ ಪಟ್ಟೆಗಳು ಬರುತ್ತವೆ. ಕೊನೆಯ ಸಾಲಿನಲ್ಲಿ ಮಾತ್ರ ಪೂರ್ಣಾಂಕಕ್ಕೆ ಇಳಿಸಿ.

ಬೆಳಕಿನ ರೇಖೆ ಕೊನೆಯಲ್ಲಿ ಬಂದಿದೆ: ಕಪ್ಪಿನ ತಳ 4 ಕಳೆದು, 64ರವರೆಗಿನದನ್ನು ಹರಡಿದೆ. ನಿಮ್ಮ 8 ಈಗ 50, ನಿಮ್ಮ 10 ಈಗ 64. ಅಂತರ 14, ಉಳಿದ ನಾಯ್ಸ್ 7ರಷ್ಟು. ಗೇಟಿನ ದೀಪದ ಸುತ್ತ ಬೆಳ್ಳಗೆ ಸುಟ್ಟುಹೋಗುತ್ತದೆ. ಹೋಗಲಿ, ಅಲ್ಲಿ ಆನೆ ಹುಡುಕಬೇಕಿಲ್ಲ. 4 ಮತ್ತು 60 ನಿಮ್ಮ ದೃಶ್ಯಕ್ಕೆ ನಾನು ಆರಿಸಿದ್ದು, ಬೇರೆ ಕ್ಯಾಮೆರಾಕ್ಕೆ ಬೇರೆ. ಆದರೆ ಒಮ್ಮೆ ಆರಿಸಿದ ಮೇಲೆ ಸ್ಥಿರವಾಗಿಡಿ. ಪ್ರತಿ ಫ್ರೇಮಿಗೂ ಕನಿಷ್ಠ-ಗರಿಷ್ಠ ಹುಡುಕಿ ಹರಡುವ ವಿಧಾನ ಬೇಡ: ರಸ್ತೆಯಲ್ಲಿ ಜೀಪೊಂದು ಹೆಡ್‌ಲೈಟ್ ಬೀರಿ ಹೋದರೆ ಇಡೀ ಚಿತ್ರ ಒಮ್ಮೆ ಕಪ್ಪಾಗಿ ಮತ್ತೆ ಬೆಳಗುತ್ತದೆ, ಮಾದರಿಯ ಅಂಕಗಳು ಅದರ ಜೊತೆಗೆ ಏರಿಳಿಯುತ್ತವೆ.

ಮಳೆಗಾಲದಲ್ಲಿ ಇಷ್ಟು ಸಾಲದು. ಅತಿಗೆಂಪು ಬೆಳಕಿನಲ್ಲಿ ಹನಿಗಳು ಬಿಳಿ ಗೆರೆಗಳಾಗಿ ಬರುತ್ತವೆ, ವ್ಯತ್ಯಾಸ ದೊಡ್ಡದಾದ್ದರಿಂದ ಮೇಲಿನ ಫಿಲ್ಟರ್ ಅವನ್ನು ಚಲನೆ ಎಂದುಕೊಂಡು ಹಾಗೇ ಬಿಡುತ್ತದೆ. ಮುಂಚೆಯೇ ಐದು ಫ್ರೇಮುಗಳ ಮಧ್ಯಬೆಲೆ, ಅಂದರೆ ಮೀಡಿಯನ್ ತೆಗೆದು ಅದನ್ನು ಒಳಕ್ಕೆ ಕೊಡಿ. ಒಂದು ಪಿಕ್ಸೆಲ್ಲಿನ ಮೇಲೆ ಐದರಲ್ಲಿ ಒಂದೆರಡು ಫ್ರೇಮುಗಳಲ್ಲಿ ಮಾತ್ರ ಹಾದುಹೋಗುವ ಹನಿ ಮಧ್ಯಬೆಲೆಗೆ ತಾಗುವುದೇ ಇಲ್ಲ. ದಟ್ಟ ಮಂಜಿಗೆ ಮಾತ್ರ ಸಾಫ್ಟ್‌ವೇರಿನಲ್ಲಿ ಔಷಧವಿಲ್ಲ.

ಈಗ ಮಾದರಿಯ ಕಡೆ ಬರೋಣ. ನೀವು ಬಳಸಿದ ಸಿದ್ಧ ಯೋಲೊ ಮಾದರಿ ಕಲಿತದ್ದು ಕೋಕೊ ಚಿತ್ರಸಂಗ್ರಹದಿಂದ. ಅದರ 80 ವರ್ಗಗಳಲ್ಲಿ ಆನೆ ಇದೆ, ಆದರೆ ಬಹುಪಾಲು ಹಗಲಿನ ಬಣ್ಣದ ಫೋಟೊಗಳು. ನಿಮ್ಮದು ಅತಿಗೆಂಪಿನ ಕಪ್ಪುಬಿಳುಪು. ಹಸಿರೆಲೆಗಳು ಅತಿಗೆಂಪನ್ನು ಜೋರಾಗಿ ಪ್ರತಿಫಲಿಸುವುದರಿಂದ ಹಿಂದೆ ಪೊದೆಯಿದ್ದರೆ ಆನೆ ಅದಕ್ಕಿಂತ ಕಪ್ಪಾಗಿ ಕಾಣುತ್ತದೆ. ನಿಮ್ಮ 8 ಮತ್ತು 10 ಬಂದದ್ದು ಹಾಗೆ. ಅದೇ ಆನೆ ಬಯಲಿಗೆ ಬಂದು, ಹಿಂದೆ ಖಾಲಿ ಕತ್ತಲೆ ಇದ್ದರೆ ಬಿಳಿಚಿಕೊಂಡು ಕಾಣುತ್ತದೆ. ಇಂಥ ಆನೆಯನ್ನು ಆ ಮಾದರಿ ನೋಡಿರುವುದು ಕಡಿಮೆ. ಚಿತ್ರ ಎಷ್ಟೇ ಸ್ವಚ್ಛವಾದರೂ ನಿಮ್ಮದೇ ರಾತ್ರಿಯ ಕೆಲವು ನೂರು ಫ್ರೇಮುಗಳಿಗೆ ಚೌಕ ಹಾಕಿ ಮಾದರಿಗೆ ಮರುತರಬೇತಿ ಕೊಡಲೇಬೇಕಾಗುತ್ತದೆ. ತರಬೇತಿಯ ಚಿತ್ರಗಳು ಇದೇ ಫಿಲ್ಟರ್ ದಾಟಿ ಬಂದಿರಲಿ, ಬಳಸುವಾಗಲೂ ಅದೇ ಅಂಕಿಗಳಿರಲಿ. ಕತ್ತಲೆಯ ಚಿತ್ರಗಳದೇ ಸಂಗ್ರಹ ಬೇಕೆಂದು ಎಕ್ಸ್‌ಡಾರ್ಕ್ ಹುಡುಕಿ ಹೋಗುವುದಾದರೆ, ಅದರ 12 ವರ್ಗಗಳಲ್ಲಿ ನಾಯಿ, ಬೆಕ್ಕು, ಮನುಷ್ಯರು ಇದ್ದಾರೆ, ಆನೆ ಇಲ್ಲ.

ಝೀರೊ-ಡಿಸಿಇಯಂಥ ಕಲಿತ ವರ್ಧಕಗಳನ್ನು ಕೇಳುವಿರಿ ಎಂದು ಗೊತ್ತು. ಅದು ಮೂಲತಃ ಪ್ರತಿ ಪಿಕ್ಸೆಲ್ಲಿಗೆ ಬೆಳಕಿನ ರೇಖೆ ಆರಿಸುತ್ತದೆ. ನಾಯ್ಸಿನ ವಿಷಯದಲ್ಲಿ ನಿಮ್ಮನ್ನು ಇದ್ದಲ್ಲಿಯೇ ಬಿಡುತ್ತದೆ. ನಾಯ್ಸನ್ನೂ ತೆಗೆಯುವ ದೊಡ್ಡ ಮಾದರಿಗಳಿವೆ, ಆದರೆ ಇಷ್ಟು ಕಡಿಮೆ ಮಾಹಿತಿಯಿಂದ ನುಣುಪಾದ ಚಿತ್ರ ಬಂತೆಂದರೆ ಉಳಿದದ್ದನ್ನು ಅದು ಊಹಿಸಿ ತುಂಬಿದೆ ಎಂದೇ ತಿಳಿಯಿರಿ. ಸ್ಥಿರ ಕ್ಯಾಮೆರಾ ಇರುವಾಗ ನಾನು ಅತ್ತ ಹೋಗುವುದಿಲ್ಲ.

ಕೊನೆಯದಾಗಿ ಪರೀಕ್ಷೆ. ಆನೆ ಬಂದ ಕೆಲವು ರಾತ್ರಿಗಳನ್ನು, ಬರಿದೇ ಗಾಳಿ-ಮಳೆಯಿದ್ದ ಕೆಲವು ರಾತ್ರಿಗಳನ್ನು ತೆಗೆದಿಡಿ. ಇವು ತರಬೇತಿಗೆ ಹೋಗಬಾರದು. ಒಂದೇ ರಾತ್ರಿಯ ಫ್ರೇಮುಗಳನ್ನು ಎರಡೂ ಕಡೆ ಹಂಚಿದರೆ ಅದೇ ಆನೆ, ಅದೇ ಪೊದೆ ಎರಡರಲ್ಲೂ ಬಂದು ಅಂಕ ಸುಳ್ಳಾಗಿ ಏರುತ್ತದೆ. ಮೂಲ ದೃಶ್ಯ, ಬರೀ ಬೆಳಕು ಏರಿಸಿದ್ದು, ನಾಯ್ಸ್ ಇಳಿಸಿ ಬೆಳಕು ಏರಿಸಿದ್ದು, ಈ ಮೂರನ್ನೂ ಮಾದರಿಯ ಮೂಲಕ ಓಡಿಸಿ ಎರಡೇ ಲೆಕ್ಕ ಬರೆಯಿರಿ: ಬಂದ ಆನೆಗಳಲ್ಲಿ ಎಷ್ಟು ತಪ್ಪಿದವು, ಬರದ ರಾತ್ರಿಗಳಲ್ಲಿ ಎಷ್ಟು ಸಲ ಕೂಗಿತು. ಒಂದು ಫ್ರೇಮಿನಲ್ಲಿ ಕಂಡರೆ ಸಾಲದು, ಒಂದು ಸೆಕೆಂಡಿನ 25 ಫ್ರೇಮುಗಳಲ್ಲಿ ಹತ್ತರಲ್ಲಾದರೂ ಅದೇ ಜಾಗದಲ್ಲಿ ಕಂಡರೆ ಮಾತ್ರ ಎಚ್ಚರಿಕೆ ಎಂದು ಇಟ್ಟುಕೊಂಡು ಎಣಿಸಿ. ಮೂಲ ಕಡತವನ್ನು ಅಳಿಸಬೇಡಿ. ಪಕ್ಕದ ದೀಪ ಹಾಕಿ, ಬಿಟ್‌ರೇಟ್ ಏರಿಸಿದ ಮೇಲೆ ಅದೇ ಜಾಗದ ಹೊಸ ತುಣುಕನ್ನು ಕಳಿಸಿ. ಆಗ ಆ 2 ಮತ್ತು 4 ಎಷ್ಟಾಗಿವೆ ಎಂದು ಮತ್ತೆ ಅಳೆಯೋಣ. `T`ಯನ್ನೂ ರೇಖೆಯ ಅಂಕಿಗಳನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕಾಗುತ್ತದೆ.